ಹೆರಿಗೆಗೆ ತವರಿಗೆ ವಿಮಾನದಲ್ಲಿ: ವಾರದ ಲೆಕ್ಕ, ಡಾಕ್ಟರ ಪತ್ರ, ಸೀಟಿನ ಆಯ್ಕೆ

ಮಗಳು ದಿಲ್ಲಿಯಲ್ಲಿ ಕೆಲಸಕ್ಕಿದ್ದಾಳೆ. ಚೊಚ್ಚಲ ಹೆರಿಗೆಗೆ ಗದಗಿನ ತವರಿಗೆ ಬರಬೇಕು. ಅವ್ವ ಫೋನಿನಲ್ಲಿ ಹೇಳುವ ಮಾತು ಈ ಭಾಗದ ಎಲ್ಲ ಮನೆಗಳಿಗೂ ಗೊತ್ತಿರುವಂಥದ್ದೇ: "ಏಳರಾಗ ಕುಬಸ ಮಾಡೂಣು, ಒಂಬತ್ತರಾಗ ಬಿದ್ದ ಮ್ಯಾಲ ಕರಕೊಂಡ ಬರೂಣು." ಬಸ್ಸಿನಲ್ಲಿ, ಕಾರಿನಲ್ಲಿ ಕರೆತರುತ್ತಿದ್ದ ಕಾಲಕ್ಕೆ ಈ ಲೆಕ್ಕ ನಡೆಯುತ್ತಿತ್ತು. ವಿಮಾನಕ್ಕೆ ನಡೆಯುವುದಿಲ್ಲ. ಅವ್ವ ತಿಂಗಳು ಎಣಿಸುತ್ತಾಳೆ, ವಿಮಾನ ಕಂಪನಿ ವಾರ ಎಣಿಸುತ್ತದೆ, ಮತ್ತು ಒಂಬತ್ತರಲ್ಲಿ ಬೀಳುವ ಹೊತ್ತಿಗೆ ಕಂಪನಿಯ ಬಾಗಿಲು ಮುಚ್ಚಲು ಕೆಲವೇ ದಿನ ಉಳಿದಿರುತ್ತವೆ. ಹೀಗಾಗಿ ಟಿಕೆಟ್ಟಿಗೂ ಮೊದಲು, ಕುಬಸದ ಮುಹೂರ್ತಕ್ಕೂ ಮೊದಲು ವಾರದ ಲೆಕ್ಕ ಆಗಬೇಕು.

ಮೊದಲ ಕೆಲಸ: ತಿಂಗಳನ್ನು ವಾರ ಮಾಡಿ

ಗರ್ಭದ ವಾರವನ್ನು ಕೊನೆಯ ಮುಟ್ಟಿನ ಮೊದಲ ದಿನದಿಂದ ಎಣಿಸುತ್ತಾರೆ. ಆ ದಿನಕ್ಕೆ 280 ದಿನ, ಅಂದರೆ 40 ವಾರ ಸೇರಿಸಿದರೆ ಹೆರಿಗೆಯ ಅಂದಾಜು ದಿನಾಂಕ ಸಿಗುತ್ತದೆ. ಒಂದು ಉದಾಹರಣೆ ಇಟ್ಟುಕೊಂಡು ಕೊನೆಯವರೆಗೂ ಅದನ್ನೇ ಹಿಡಿದು ಹೋಗೋಣ. ಕೊನೆಯ ಮುಟ್ಟು ಜುಲೈ 6ಕ್ಕೆ ಆಗಿದ್ದರೆ ಹೆರಿಗೆಯ ದಿನಾಂಕ ಏಪ್ರಿಲ್ 12. 28 ವಾರ ತುಂಬುವುದು ಜನವರಿ 18ಕ್ಕೆ, 32 ವಾರ ಫೆಬ್ರವರಿ 15ಕ್ಕೆ, 36 ವಾರ ಮಾರ್ಚ್ 15ಕ್ಕೆ.

ಇಲ್ಲಿ ಎಲ್ಲರೂ ಮಾಡುವ ತಪ್ಪು, ತಿಂಗಳಿಗೆ ನಾಲ್ಕು ವಾರ ಎಂದು ಗುಣಿಸುವುದು. ಎಂಟು ತಿಂಗಳು ಅಂದರೆ 32 ವಾರ ಎಂದುಕೊಂಡು ನೆಮ್ಮದಿಯಾಗಿ ಟಿಕೆಟ್ ಮಾಡಿಸುತ್ತಾರೆ. ನಮ್ಮ ಉದಾಹರಣೆಯಲ್ಲಿ ಮಾರ್ಚ್ 6ಕ್ಕೆ ಎಂಟು ತಿಂಗಳು ತುಂಬುತ್ತದೆ, ಆದರೆ ಅಂದಿಗೆ 34 ವಾರ 5 ದಿನ ಆಗಿರುತ್ತದೆ. ತಿಂಗಳಿಗೆ 28 ದಿನ ಅಲ್ಲ, 30-31 ದಿನ ಇರುವುದರಿಂದ ಎಂಟು ತಿಂಗಳಲ್ಲಿ ಹತ್ತಿರ ಹತ್ತಿರ ಮೂರು ವಾರ ಸದ್ದಿಲ್ಲದೆ ಸೇರಿಕೊಂಡಿರುತ್ತವೆ. ಅವ್ವನ ಲೆಕ್ಕದಲ್ಲಿ "ಒಂಬತ್ತರಾಗ ಬೀಳೋದು" ಇದೇ ಮಾರ್ಚ್ 6ಕ್ಕೆ. ಅಲ್ಲಿಂದ 36 ವಾರಕ್ಕೆ ಬರೀ ಒಂಬತ್ತು ದಿನ.

ಇನ್ನೊಂದು ಗೊಂದಲ "33ನೇ ವಾರ" ಎಂಬ ಮಾತಿನದು. 32 ವಾರ ತುಂಬಿದ ದಿನವೇ 33ನೇ ವಾರ ಶುರುವಾಗುತ್ತದೆ. ಕಂಪನಿಯ ನಿಯಮದಲ್ಲಿ "32ನೇ ವಾರದ ಕೊನೆಯವರೆಗೆ" ಎಂದಿದ್ದರೆ ನಮ್ಮ ಉದಾಹರಣೆಗೆ ಅದು ಫೆಬ್ರವರಿ 14. ಮರುದಿನ ಹೊರಟರೆ ನಿಯಮವೇ ಬೇರೆ. ಅದಕ್ಕೇ ಡಾಕ್ಟರ ಹತ್ತಿರ ಮಾತಾಡುವಾಗ ವಾರವನ್ನಷ್ಟೇ ಕೇಳದೆ "ಎಷ್ಟು ವಾರ, ಎಷ್ಟು ದಿನ" ಎಂದು ಕೇಳಿ ಬರೆದಿಟ್ಟುಕೊಳ್ಳಿ.

ಯಾವ ದಿನಾಂಕವನ್ನು ನಂಬಬೇಕು ಎಂಬುದೂ ಮುಖ್ಯ. ಮೊದಲ ಮೂರು ತಿಂಗಳೊಳಗೆ ಮಾಡಿದ ಸ್ಕ್ಯಾನ್, ಮುಟ್ಟಿನ ಲೆಕ್ಕಕ್ಕಿಂತ ಒಂದು ವಾರಕ್ಕೂ ಹೆಚ್ಚು ಹಿಂದೆಮುಂದೆ ತೋರಿಸಿದರೆ ಸಾಮಾನ್ಯವಾಗಿ ಡಾಕ್ಟರು ಸ್ಕ್ಯಾನಿನ ದಿನಾಂಕವನ್ನೇ ಖಾಯಂ ಮಾಡುತ್ತಾರೆ. ಆಮೇಲೆ ಏಳು, ಎಂಟನೇ ತಿಂಗಳಲ್ಲಿ ಮಾಡಿಸುವ ಬೆಳವಣಿಗೆಯ ಸ್ಕ್ಯಾನುಗಳಲ್ಲೂ ಒಂದೊಂದು ಹೊಸ ದಿನಾಂಕ ಅಚ್ಚಾಗಿರುತ್ತದೆ. ಅದು ಮಗುವಿನ ಗಾತ್ರ ನೋಡಿ ಯಂತ್ರ ಹಾಕಿದ ಅಂದಾಜು, ಹೆರಿಗೆಯ ದಿನಾಂಕ ಬದಲಾಯಿತು ಎಂದಲ್ಲ. ಮಗು ಸ್ವಲ್ಪ ದಪ್ಪಗಿದ್ದರೆ ಆ ಕಾಗದ ಎರಡು ವಾರ ಮುಂದೆ ಓಡುತ್ತದೆ. ಕೌಂಟರಿನಲ್ಲಿ ಅದನ್ನು ತೋರಿಸಿ ತೊಂದರೆ ಮಾಡಿಕೊಳ್ಳಬೇಡಿ. ಖಾಯಂ ಆದ ದಿನಾಂಕವನ್ನು ಫೈಲಿನ ಮೊದಲ ಹಾಳೆಯ ಮೇಲೆ ಡಾಕ್ಟರ ಕೈಯಲ್ಲೇ ಬರೆಸಿಕೊಳ್ಳಿ.

ಯಾವ ತಿಂಗಳು ಒಳ್ಳೆಯದು, ಯಾರು ಹತ್ತಬಾರದು

ತೊಂದರೆಯಿಲ್ಲದ ಬಸಿರಿಗೆ 14ರಿಂದ 28 ವಾರ ಎಲ್ಲಕ್ಕಿಂತ ಹಗುರವಾದ ಕಾಲ. ವಾಂತಿ, ತಲೆಸುತ್ತು ಕಡಿಮೆಯಾಗಿರುತ್ತದೆ, ಹೊಟ್ಟೆ ಇನ್ನೂ ಕೂರಲು ಏಳಲು ಅಡ್ಡ ಬರುವುದಿಲ್ಲ, ಅವಧಿಗೆ ಮೊದಲೇ ನೋವು ಬರುವ ಸಂಭವವೂ ಕಡಿಮೆ. ಮೊದಲ ಮೂರು ತಿಂಗಳಲ್ಲಿ ವಿಮಾನ ಹತ್ತಿದ್ದರಿಂದಲೇ ಗರ್ಭ ಇಳಿಯುತ್ತದೆ ಎಂಬುದು ನಿಜವಲ್ಲ. ಆದರೆ ಗರ್ಭ ಗರ್ಭಕೋಶದೊಳಗೇ ಇದೆ ಎಂದು ಒಂದು ಸ್ಕ್ಯಾನ್‌ನಲ್ಲಿ ಖಚಿತವಾಗುವ ಮುಂಚೆ ದೂರ ಹೋಗಬಾರದು. ನಳಿಕೆಯಲ್ಲಿ ಗರ್ಭ ನಿಂತಿದ್ದು ಅದು ದಾರಿಯಲ್ಲಿ ಒಡೆದರೆ ಪ್ರಾಣಕ್ಕೇ ಅಪಾಯ.

ವಿಮಾನದೊಳಗಿನ ಗಾಳಿಯ ಒತ್ತಡ ನೆಲದ ಮೇಲಿನಷ್ಟು ಇರುವುದಿಲ್ಲ. ಸುಮಾರು 6,000ದಿಂದ 8,000 ಅಡಿ ಎತ್ತರದ ಬೆಟ್ಟದ ಮೇಲೆ ಕುಳಿತಂತೆ ಇರುತ್ತದೆ. ತಾಯಿಯ ರಕ್ತದ ಆಮ್ಲಜನಕ ಸ್ವಲ್ಪ ಇಳಿಯುತ್ತದೆ. ಹೊಟ್ಟೆಯೊಳಗಿನ ಮಗುವಿನ ಹಿಮೋಗ್ಲೋಬಿನ್ ಆಮ್ಲಜನಕವನ್ನು ದೊಡ್ಡವರದ್ದಕ್ಕಿಂತ ಗಟ್ಟಿಯಾಗಿ ಹಿಡಿಯುವುದರಿಂದ ಅದಕ್ಕೆ ಬಾಧೆಯಾಗುವುದಿಲ್ಲ. ತಾಯಿಗೇ ರಕ್ತ ತೀರ ಕಡಿಮೆ ಇದ್ದರೆ ಮಾತು ಬೇರೆ. ಹಿಮೋಗ್ಲೋಬಿನ್ 7.5ಕ್ಕಿಂತ ಕೆಳಗಿದ್ದರೆ ಪ್ರಯಾಣ ಮುಂದೂಡಿ ಮೊದಲು ರಕ್ತ ಸರಿಪಡಿಸಿಕೊಳ್ಳಬೇಕು. ಬಸಿರಿಯರಲ್ಲಿ ರಕ್ತ ಕಡಿಮೆ ಇರುವುದು ನಮ್ಮಲ್ಲಿ ತೀರ ಸಾಮಾನ್ಯ. ಹಾಗಾಗಿ ಹೊರಡುವ ಮೂರು-ನಾಲ್ಕು ವಾರ ಮೊದಲೇ ಪರೀಕ್ಷೆ ಮಾಡಿಸಿದರೆ ಕಬ್ಬಿಣದ ಔಷಧಕ್ಕೆ ಕೆಲಸ ಮಾಡಲು ಸಮಯ ಸಿಗುತ್ತದೆ. ಹಿಂದಿನ ದಿನ ಗೊತ್ತಾದರೆ ಏನೂ ಮಾಡಲಾಗುವುದಿಲ್ಲ.

ರಕ್ತಸ್ರಾವ ಆಗುತ್ತಿರುವವರು, ಮಾಸು ಗರ್ಭಕೋಶದ ಬಾಯಿಗೆ ಅಡ್ಡ ಇದೆ ಎಂದು ಸ್ಕ್ಯಾನ್ ಹೇಳಿದವರು, ಬಿಪಿ ಏರಿ ಹತೋಟಿಗೆ ಬಾರದವರು, ಹಿಂದೆ ದಿನ ತುಂಬುವ ಮೊದಲೇ ಹೆತ್ತವರು, ಗರ್ಭಕೋಶದ ಬಾಯಿ ಚಿಕ್ಕದಾಗಿದೆ ಎಂದು ಹೊಲಿಗೆ ಹಾಕಿಸಿಕೊಂಡವರು: ಇವರು ವಾರದ ಲೆಕ್ಕದ ಮೇಲೆ ತಾವೇ ತೀರ್ಮಾನ ಮಾಡಬಾರದು. ಕಂಪನಿ ಬಿಡುತ್ತದೆ ಎಂದ ಮಾತ್ರಕ್ಕೆ ಹತ್ತಬಹುದು ಎಂದಾಗುವುದಿಲ್ಲ. ಆಕಾಶದಲ್ಲಿ ರಕ್ತಸ್ರಾವ ಶುರುವಾದರೆ ಅಲ್ಲಿ ರಕ್ತವೂ ಇಲ್ಲ, ಆಪರೇಷನ್ ಕೋಣೆಯೂ ಇಲ್ಲ.

ಕಂಪನಿಯ ನಿಯಮ, ಮತ್ತು ಅದಕ್ಕೆ ಹೊಂದುವ ದಿನಾಂಕ

ನಮ್ಮ ದೇಶದ ಒಳಗೆ ಹಾರುವ ಕಂಪನಿಗಳ ನಿಯಮಗಳಿಗೆ ಒಂದು ಸಾಮಾನ್ಯ ಅಚ್ಚಿದೆ. ಒಂದೇ ಮಗು, ತೊಂದರೆಯಿಲ್ಲ ಎಂದರೆ 32 ವಾರದವರೆಗೆ ಪತ್ರ ಕೇಳುವುದಿಲ್ಲ. ಅಲ್ಲಿಂದ 35 ಅಥವಾ 36 ವಾರದವರೆಗೆ ಡಾಕ್ಟರ ಪತ್ರ ಕಡ್ಡಾಯ. ಅದರಾಚೆ ಹತ್ತಿಸಿಕೊಳ್ಳುವುದಿಲ್ಲ, ಇಲ್ಲವೇ ಕಂಪನಿಯ ವೈದ್ಯರ ಅನುಮತಿ ಕೇಳುತ್ತಾರೆ. ಅವಳಿ ಇದ್ದರೆ ಬಹುತೇಕ ಕಡೆ 32 ವಾರಕ್ಕೇ ಮುಗಿಯಿತು. 35ಕ್ಕೆ ನಿಲ್ಲುತ್ತದೋ 36ಕ್ಕೋ, ಪತ್ರ ಎಷ್ಟು ದಿನದೊಳಗಿನದಿರಬೇಕು ಎಂಬುದು ಕಂಪನಿಗೆ ಕಂಪನಿಗೆ ಬೇರೆ. ಟಿಕೆಟ್ ಕೊಳ್ಳುವ ದಿನ ಆ ಕಂಪನಿಯ ಜಾಲತಾಣದಲ್ಲಿ ಗರ್ಭಿಣಿಯರಿಗಾಗಿ ಇರುವ ಪುಟವನ್ನು ತೆರೆದು ಫೋನಿನಲ್ಲಿ ಚಿತ್ರ ಹಿಡಿದಿಟ್ಟುಕೊಳ್ಳಿ. ಬೆಂಗಳೂರಲ್ಲೋ ಹೈದರಾಬಾದಲ್ಲೋ ಬೇರೆ ಕಂಪನಿಯ ವಿಮಾನಕ್ಕೆ ಬದಲಾಗುವುದಿದ್ದರೆ ಎರಡೂ ಕಂಪನಿಗಳ ನಿಯಮಕ್ಕೆ ಹೊಂದಬೇಕು.

ಲೆಕ್ಕಕ್ಕೆ ಬರುವುದು ಹಾರುವ ದಿನದ ವಾರ, ಟಿಕೆಟ್ ಮಾಡಿಸಿದ ದಿನದ್ದಲ್ಲ. ಹೋಗಿ ಬರುವ ಟಿಕೆಟ್ ಆಗಿದ್ದರೆ ಬರುವ ದಿನದ ವಾರವನ್ನೂ ನೋಡಬೇಕು. ಏಳನೇ ತಿಂಗಳ ಕುಬಸಕ್ಕೆ ಬಂದು, ಮತ್ತೆ ದಿಲ್ಲಿಗೆ ಮರಳಿ, ಒಂಬತ್ತರಲ್ಲಿ ಮತ್ತೊಮ್ಮೆ ಬರುವ ಯೋಜನೆಯಲ್ಲಿ ಎಡವಟ್ಟಾಗುವುದು ಇಲ್ಲೇ. ಮೂರು ಪ್ರಯಾಣ, ಅದರಲ್ಲಿ ಕೊನೆಯದು ಅಂಚಿಗೆ. ಆ ಒಂದು ವಿಮಾನ ರದ್ದಾಗಿ ಮೂರು ದಿನ ಮುಂದಕ್ಕೆ ಹೋದರೂ 36 ವಾರ ದಾಟಿಬಿಡಬಹುದು. ಆಗ ಉಳಿಯುವುದು ದಿಲ್ಲಿಯಿಂದ ಹುಬ್ಬಳ್ಳಿಗೆ ಒಂದೂವರೆ ದಿನದ ರೈಲು. ದಿನ ತುಂಬಿದ ಬಸಿರಿಯನ್ನು ಅದರಲ್ಲಿ ಕೂರಿಸಬಾರದು.

ಆದ್ದರಿಂದ ಕುಬಸ ಮತ್ತು ತವರಿಗೆ ಬರುವುದನ್ನು ಒಂದೇ ಪ್ರಯಾಣಕ್ಕೆ ಕಟ್ಟಿ. ನಮ್ಮ ಉದಾಹರಣೆಯಲ್ಲಿ ಏಳನೇ ತಿಂಗಳು ಜನವರಿ 6ರಿಂದ ಫೆಬ್ರವರಿ 6ರವರೆಗೆ. ಸಂಕ್ರಾಂತಿ ಮುಗಿದು ಧನುರ್ಮಾಸ ಕಳೆದಿರುತ್ತದೆ. ಜನವರಿ 28ಕ್ಕೆ ಹೊರಟರೆ 29 ವಾರ 3 ದಿನ. ಗಂಡನ ಮನೆ ಹಾವೇರಿಯಲ್ಲಿದ್ದರೆ ಫೆಬ್ರವರಿ ಮೊದಲ ವಾರ ಅಲ್ಲಿ ಕುಬಸ, ಅಲ್ಲಿಂದ ತವರಿನವರು ಕಾರಿನಲ್ಲಿ ಗದಗಿಗೆ ಕರೆದೊಯ್ಯುವುದು. ಮಂಜಿಗೋ ಜ್ವರಕ್ಕೋ ಎರಡು ವಾರ ತಡವಾದರೂ ಇನ್ನೂ 32 ವಾರದೊಳಗೇ ಇರುತ್ತಾಳೆ. ಕೆಲಸದ ರಜೆಯ ಪ್ರಶ್ನೆ ಇದ್ದೇ ಇರುತ್ತದೆ. ಕಾಯ್ದೆಯ ಪ್ರಕಾರ ಮೊದಲ ಎರಡು ಮಕ್ಕಳಿಗೆ ಸಿಗುವ 26 ವಾರದ ಹೆರಿಗೆ ರಜೆಯಲ್ಲಿ ಹೆರಿಗೆಗೆ ಮುಂಚೆ ಎಂಟು ವಾರಕ್ಕಿಂತ ಹೆಚ್ಚು ತೆಗೆದುಕೊಳ್ಳುವಂತಿಲ್ಲ. ಅಂದರೆ ರಜೆ ಫೆಬ್ರವರಿ 15ರ ನಂತರವಷ್ಟೇ ಶುರು. ನಡುವಿನ ಎರಡೂವರೆ ವಾರಕ್ಕೆ ಮನೆಯಿಂದ ಕೆಲಸವೋ ಉಳಿದ ರಜೆಯೋ, ಡಿಸೆಂಬರಿನಲ್ಲೇ ಆಫೀಸಿನಲ್ಲಿ ಮಾತಾಡಿಟ್ಟುಕೊಳ್ಳಬೇಕು.

ಬೇಗ ಬರುವುದರಿಂದ ಇನ್ನೊಂದು ಲಾಭ ಇದೆ. ಹೆರಿಗೆ ಮಾಡಿಸುವ ಡಾಕ್ಟರಿಗೆ ಈಕೆಯ ಬಿಪಿ, ತೂಕ, ಮಗುವಿನ ಬೆಳವಣಿಗೆಯನ್ನು ಕೆಲವು ವಾರವಾದರೂ ನೋಡಲು ಸಿಗಬೇಕು. 36 ವಾರಕ್ಕೆ ಹೊಸದಾಗಿ ಬಂದವಳ ಬಿಪಿ 140/90 ಇದ್ದರೆ, ಅದು ಮೊದಲಿನಿಂದ ಇತ್ತೋ ಈಗ ಏರಿತೋ ತಿಳಿಯಲು ಅವರಿಗೆ ಹಳೆಯ ಕಾಗದ ಬಿಟ್ಟರೆ ಬೇರೆ ದಾರಿ ಇರುವುದಿಲ್ಲ.

ಟಿಕೆಟ್

ಹುಡುಕುವಾಗ ಹುಬ್ಬಳ್ಳಿಗೆ HBX ಎಂದು ಹಾಕಿ. ನೇರ ವಿಮಾನ ಇರುವ ದಿನವಿದ್ದರೆ ನೂರಿನ್ನೂರಲ್ಲ, ಸಾವಿರ-ಎರಡು ಸಾವಿರ ಹೆಚ್ಚಾದರೂ ಅದನ್ನೇ ತೆಗೆದುಕೊಳ್ಳಿ. ಒಂದು ಹತ್ತಿಳಿಯುವುದು, ಒಂದು ಓಡಾಟ ಉಳಿಯುತ್ತದೆ. ನಡುವೆ ಬದಲಾಯಿಸುವುದಿದ್ದರೆ ಎರಡೂ ವಿಮಾನ ಒಂದೇ ಪಿಎನ್‌ಆರ್‌ನಲ್ಲಿರಲಿ. ಆಗ ಲಗೇಜು ನೇರ ಹುಬ್ಬಳ್ಳಿಗೇ ಬರುತ್ತದೆ, ಮೊದಲನೆಯದು ತಡವಾಗಿ ಎರಡನೆಯದು ತಪ್ಪಿದರೆ ಮುಂದಿನದಕ್ಕೆ ಕೂರಿಸುವ ಹೊಣೆ ಕಂಪನಿಯದ್ದು. ನಡುವಿನ ಬಿಡುವು ಎರಡರಿಂದ ಮೂರು ಗಂಟೆ ಸಾಕು. ಅದಕ್ಕಿಂತ ಕಡಿಮೆಯಾದರೆ ಬಸಿರಿ ಓಡಬೇಕಾಗುತ್ತದೆ, ಐದಾರು ಗಂಟೆಯಾದರೆ ಕಾಲು ಬಾಯುತ್ತದೆ. ಬೆಂಗಳೂರಿನಲ್ಲಿ ಎರಡು ಟರ್ಮಿನಲ್‌ಗಳಿವೆ. ಇಳಿಯುವುದೂ ಹತ್ತುವುದೂ ಒಂದರಲ್ಲೇ ಎಂದು ಟಿಕೆಟ್ಟಿನಲ್ಲಿ ನೋಡಿಕೊಳ್ಳಿ.

ಡಿಸೆಂಬರ್-ಜನವರಿಯಲ್ಲಿ ದಿಲ್ಲಿಯ ಬೆಳಗಿನ ವಿಮಾನ ಬೇಡ. ದಟ್ಟ ಮಂಜಿಗೆ ಗಂಟೆಗಟ್ಟಲೆ ತಡವಾಗುತ್ತವೆ. ಹತ್ತಿಸಿಕೊಂಡ ಮೇಲೂ ಒಳಗೇ ಕೂರಿಸಿ ಕಾಯಿಸುವುದುಂಟು. ಮಧ್ಯಾಹ್ನ ಹೊರಡುವುದನ್ನು ಆರಿಸಿ, ಆದರೆ ಹುಬ್ಬಳ್ಳಿಗೆ ಆ ದಿನದ ಕೊನೆಯ ವಿಮಾನದ ಮೇಲೆ ನೆಚ್ಚಿಕೊಳ್ಳಬೇಡಿ. ಅದು ತಪ್ಪಿದರೆ ರಾತ್ರಿ ಬೆಂಗಳೂರಿನಲ್ಲೇ. ಹಾಗೇನಾದರೂ ಆದರೆ ಮರುದಿನ ಬೆಳಿಗ್ಗೆ, ವಾರಕ್ಕೊಂದು ದಿನ ಬಿಟ್ಟರೆ, ಬೆಂಗಳೂರು-ಧಾರವಾಡ ವಂದೇ ಭಾರತ್ ಇದೆ. ಹುಬ್ಬಳ್ಳಿಯಲ್ಲಿ ಇಳಿಯಬಹುದು. ಕೂತು ಬರುವ ಗಾಡಿ, ಆದರೆ ಎದ್ದು ಓಡಾಡಲು ಜಾಗವಿದೆ, ಶೌಚಾಲಯ ಹತ್ತಿರವಿದೆ.

ವೀಲ್‌ಚೇರ್ ಬೇಕೆಂದು ಟಿಕೆಟ್ ಮಾಡುವಾಗಲೇ, ಇಲ್ಲವೇ ಕನಿಷ್ಠ 48 ಗಂಟೆ ಮೊದಲು ಹಾಕಿಸಿ. ಮೆಟ್ಟಿಲು ಹತ್ತಬಲ್ಲೆ, ದೂರ ನಡೆಯಲಾರೆ ಎನ್ನುವವರಿಗೆ WCHR, ಮೆಟ್ಟಿಲೂ ಕಷ್ಟ ಎನ್ನುವವರಿಗೆ WCHS ಎಂಬ ಗುರುತು ಟಿಕೆಟ್ಟಿನಲ್ಲಿ ಬರುತ್ತದೆ. ನಡೆಯಲು ಬರುತ್ತದಲ್ಲ ಎಂದು ಸಂಕೋಚ ಬೇಡ. ದಿಲ್ಲಿಯಂಥ ನಿಲ್ದಾಣದಲ್ಲಿ ಬಾಗಿಲಿನಿಂದ ಗೇಟಿನವರೆಗಿನ ನಡಿಗೆಯೇ ಬಹಳ.

ಡಾಕ್ಟರ ಪತ್ರ

29 ವಾರಕ್ಕೆ ನಿಯಮದ ಪ್ರಕಾರ ಪತ್ರ ಬೇಡ. ಆದರೂ ಮಾಡಿಸಿಕೊಳ್ಳಿ. ಕೌಂಟರಿನವರು ನೋಡುವುದು ಹೊಟ್ಟೆಯನ್ನು. ಸಣ್ಣ ಮೈಕಟ್ಟಿನವರಿಗೆ 29 ವಾರಕ್ಕೇ ಎಂಟು ತಿಂಗಳಿನಷ್ಟು ಕಾಣುತ್ತದೆ. ಆಗ ವಾರ ತೋರಿಸುವ ಕಾಗದ ಕೇಳುತ್ತಾರೆ, ಕೈಯಲ್ಲಿ ಇಲ್ಲದಿದ್ದರೆ ಮಾತು ಬೆಳೆಯುತ್ತದೆ.

ಪತ್ರ ಇಂಗ್ಲಿಷಿನಲ್ಲಿ, ಆಸ್ಪತ್ರೆಯ ಲೆಟರ್‌ಹೆಡ್ ಮೇಲೆ ಇರಬೇಕು. ಹೆಸರು ಆಧಾರ್ ಮತ್ತು ಟಿಕೆಟ್ಟಿನಲ್ಲಿ ಇರುವ ಹಾಗೆಯೇ ಇರಬೇಕು. ಮದುವೆಯ ನಂತರ ಹೆಸರು ಬದಲಾದವರಲ್ಲಿ ಆಸ್ಪತ್ರೆಯ ಫೈಲಿಗೊಂದು, ಆಧಾರಿಗೊಂದು ಹೆಸರು ಇರುವುದು ಸಾಮಾನ್ಯ. ಇದನ್ನು ಪತ್ರ ಬರೆಸುವಾಗಲೇ ಸರಿಪಡಿಸಿ. ಆಮೇಲೆ ಹೆರಿಗೆಯ ಅಂದಾಜು ದಿನಾಂಕ, ಹಾರುವ ದಿನಕ್ಕೆ ಎಷ್ಟು ವಾರ ಎಷ್ಟು ದಿನ, ಒಂದೇ ಮಗುವೋ ಅವಳಿಯೋ, ತೊಂದರೆಗಳಿಲ್ಲ ಎಂಬ ಮಾತು, ಎಲ್ಲಿಂದ ಎಲ್ಲಿಗೆ ಯಾವ ದಿನ, ಮತ್ತು ಕೊನೆಗೆ ವಿಮಾನ ಪ್ರಯಾಣಕ್ಕೆ ಯೋಗ್ಯ ಎಂಬ ಸ್ಪಷ್ಟ ವಾಕ್ಯ. ಕೆಳಗೆ ಸಹಿ, ಸೀಲು, ಡಾಕ್ಟರ ನೋಂದಣಿ ಸಂಖ್ಯೆ, ದಿನಾಂಕ. "ಪ್ರಯಾಣ ಮಾಡಬಹುದು" ಎಂದಷ್ಟೇ ಬರೆದ ಪತ್ರವನ್ನು ಕೆಲವರು ಒಪ್ಪುವುದಿಲ್ಲ, fit to fly ಎಂಬ ಪದಗಳೇ ಇರಲಿ. ವಾರವನ್ನು ಪತ್ರ ಬರೆದ ದಿನಕ್ಕೆ ಲೆಕ್ಕ ಹಾಕಿ ಬರೆಯುವುದು ಇನ್ನೊಂದು ಸಾಮಾನ್ಯ ತಪ್ಪು.

ದಿನಾಂಕ ಹಳೆಯದಾದರೆ ಪತ್ರ ವ್ಯರ್ಥ. ಕೆಲವು ಕಂಪನಿಗಳಿಗೆ ಏಳು ದಿನದೊಳಗಿನದು ಆಗುತ್ತದೆ, ಕೆಲವಕ್ಕೆ ಮೂರು ದಿನದೊಳಗಿನದೇ ಬೇಕು. ಮೂರು ದಿನ ಎಂದೇ ಇಟ್ಟುಕೊಂಡರೆ ಎಲ್ಲ ಕಡೆಗೂ ನಡೆಯುತ್ತದೆ. ಜನವರಿ 28ಕ್ಕೆ ಹೊರಡುವವರು 27ಕ್ಕೆ ತೋರಿಸಿಕೊಳ್ಳಬೇಕು. 26 ಗಣರಾಜ್ಯೋತ್ಸವ, ಓಪಿಡಿ ಇರುವುದಿಲ್ಲ. ಇಂಥ ರಜೆಗಳನ್ನು ಮೊದಲೇ ಕ್ಯಾಲೆಂಡರಿನಲ್ಲಿ ನೋಡಿ ಅಪಾಯಿಂಟ್‌ಮೆಂಟ್ ಹಿಡಿದಿಡಿ. ವಿಮಾನ ಮುಂದಕ್ಕೆ ಹೋದರೆ ಪತ್ರವೂ ಹೊಸದಾಗಬೇಕು. ಅದಕ್ಕೇ ಡಾಕ್ಟರ ಹತ್ತಿರ "ದಿನಾಂಕ ಬದಲಾದರೆ ಮತ್ತೊಂದು ಕೊಡ್ತೀರಾ" ಎಂದು ಮೊದಲೇ ಕೇಳಿರಿ. ಎರಡು ಪ್ರತಿ ಕೈಚೀಲದಲ್ಲಿರಲಿ, ಒಂದನ್ನು ಕೌಂಟರಿನವರು ಇಟ್ಟುಕೊಳ್ಳಬಹುದು. ಜೊತೆಗೆ ತಾಯಿ ಕಾರ್ಡ್, ಮೊದಲ ಸ್ಕ್ಯಾನ್, ರಕ್ತದ ಗುಂಪಿನ ಕಾಗದ. ಈ ಫೈಲು ಮತ್ತು ನಿತ್ಯದ ಮಾತ್ರೆಗಳನ್ನು ದೊಡ್ಡ ಲಗೇಜಿನೊಳಗೆ ಹಾಕಲೇಬಾರದು.

ಸೀಟು

ಕಿಟಕಿ ಬಿಟ್ಟುಕೊಡಿ, ನಡೆದಾಡುವ ದಾರಿಯ ಪಕ್ಕದ ಸೀಟು ತೆಗೆದುಕೊಳ್ಳಿ. ಮೂರು-ಮೂರು ಸೀಟಿನ ಏರ್‌ಬಸ್ ಅಥವಾ ಬೋಯಿಂಗ್‌ನಲ್ಲಿ ಅವು C ಮತ್ತು D. ಗಂಟೆಗೊಮ್ಮೆ ಎದ್ದು ನಡೆಯಬೇಕು, ಶೌಚಾಲಯಕ್ಕೆ ಹೋಗಬೇಕು. ಪ್ರತಿ ಸಲ ಇಬ್ಬರನ್ನು ಎಬ್ಬಿಸಬೇಕಾದರೆ ಸಂಕೋಚಕ್ಕೆ ಎದ್ದೇಳುವುದೇ ಇಲ್ಲ. ತುರ್ತು ಬಾಗಿಲಿನ ಸಾಲಿನಲ್ಲಿ ಕಾಲಿಗೆ ಜಾಗ ಹೆಚ್ಚು, ಆದರೆ ಅಲ್ಲಿ ಬಸಿರಿಯರನ್ನು ಕೂರಿಸುವುದಿಲ್ಲ. ದುಡ್ಡು ಕೊಟ್ಟು ಆರಿಸಿದರೂ ಕೊನೆಗೆ ಬದಲಾಯಿಸುತ್ತಾರೆ. ಮೊದಲ ಸಾಲಿನಲ್ಲೂ ಒಂದು ತೊಡಕಿದೆ: ಊಟದ ಹಲಗೆ ಕೈಯೊರಗಿನೊಳಗೆ ಮಡಚಿರುವುದರಿಂದ ಆ ಕೈಯೊರಗು ಮೇಲೇಳುವುದಿಲ್ಲ, ಸೀಟು ಇಕ್ಕಟ್ಟೆನಿಸುತ್ತದೆ. ಎರಡರಿಂದ ಐದನೇ ಸಾಲಿನೊಳಗಿನ ಸೀಟು ಚೆನ್ನ. ಕೊನೆಯ ಸಾಲಿನ ಒರಗು ಹಿಂದಕ್ಕೆ ಬಾಗುವುದಿಲ್ಲ.

ಬೆಂಗಳೂರಿನಿಂದ ಹುಬ್ಬಳ್ಳಿಗೆ ಪಂಖದ ಸಣ್ಣ ಎಟಿಆರ್ ವಿಮಾನ ಸಿಕ್ಕರೆ ಲೆಕ್ಕ ತಿರುವುಮುರುವು. ಎರಡು-ಎರಡು ಸೀಟಿನ ಈ ವಿಮಾನಕ್ಕೆ ಪ್ರಯಾಣಿಕರು ಹತ್ತಿಳಿಯುವ ಬಾಗಿಲು ಹಿಂದಿದೆ. ಮುಂದಿನ ಸೀಟು ತೆಗೆದುಕೊಂಡರೆ ಕಿರಿದಾದ ದಾರಿಯಲ್ಲಿ ಉದ್ದಕ್ಕೂ ನಡೆಯಬೇಕು. ಇಲ್ಲಿ ಹಿಂಬದಿಯ ಸೀಟು ಆರಿಸಿ.

ಬೆಲ್ಟನ್ನು ಹೊಟ್ಟೆಯ ಮೇಲೆ ಕಟ್ಟಬಾರದು. ಹೊಟ್ಟೆಯ ಕೆಳಗೆ, ಎರಡು ಬದಿಯ ಸೊಂಟದ ಎಲುಬಿಗೆ ತಾಗುವಂತೆ, ತೊಡೆಯ ಬುಡದಲ್ಲಿ ಬಿಗಿಯಾಗಿ ಕೂರಬೇಕು. ಕುಲುಕಿದಾಗ ಎಳೆತ ಎಲುಬಿನ ಮೇಲೆ ಬೀಳಬೇಕೇ ಹೊರತು ಗರ್ಭಕೋಶದ ಮೇಲಲ್ಲ. ಉದ್ದ ಸಾಲದಿದ್ದರೆ ಗಗನಸಖಿಯರ ಹತ್ತಿರ ಹೆಚ್ಚುವರಿ ಬೆಲ್ಟಿನ ತುಂಡು ಇರುತ್ತದೆ, ಕೇಳಿದರೆ ಕೊಡುತ್ತಾರೆ.

ಹೊರಡುವ ದಿನ

ಮೇಲೆ ಹೋದಾಗ ಹೊಟ್ಟೆಯೊಳಗಿನ ಗಾಳಿ ಹಿಗ್ಗುತ್ತದೆ. ಹಿಂದಿನ ರಾತ್ರಿಯಿಂದಲೇ ಮಡಕಿ ಕಾಳು, ಕಡಲೆ, ಹೂಕೋಸು, ಸೋಡಾ ಬಿಡಿ. ಮಿರ್ಚಿ ಭಜಿ ಗದಗಿಗೆ ಬಂದ ಮೇಲೆ ತಿಂದರಾಯಿತು. ಮೊಸರನ್ನ, ಇಡ್ಲಿ, ಬಾಳೆಹಣ್ಣು ಹಗುರ. ಖಾಲಿ ಹೊಟ್ಟೆಯಲ್ಲಿ ಹೊರಡಬೇಡಿ, ವಾಂತಿ ಹೆಚ್ಚಾಗುತ್ತದೆ. ಒಳಗಿನ ಗಾಳಿ ಒಣಗಿರುವುದರಿಂದ ಗಂಟೆಗೊಂದು ಲೋಟದಷ್ಟು ನೀರು ಗುಟುಕು ಗುಟುಕಾಗಿ ಕುಡಿಯಬೇಕು. ಪದೇ ಪದೇ ಎದ್ದು ಹೋಗಬೇಕಾಗುತ್ತದೆ ಎಂದು ನೀರು ಬಿಡುವುದು ದೊಡ್ಡ ತಪ್ಪು. ಬಸಿರಿನಲ್ಲಿ ರಕ್ತ ಹೆಪ್ಪುಗಟ್ಟುವ ಗುಣ ಮೊದಲೇ ಹೆಚ್ಚಿರುತ್ತದೆ, ನೀರು ಕಡಿಮೆಯಾಗಿ ಕಾಲು ಅಲುಗದೆ ಇದ್ದರೆ ಕಾಲಿನ ನಾಳದಲ್ಲಿ ಗೆಡ್ಡೆ ಕಟ್ಟಬಹುದು. ಕುಳಿತಲ್ಲೇ ಹಿಮ್ಮಡಿ ಊರಿ ಬೆರಳೆತ್ತುವುದು, ಬೆರಳೂರಿ ಹಿಮ್ಮಡಿ ಎತ್ತುವುದು, ಅರ್ಧ ಗಂಟೆಗೊಮ್ಮೆ ಇಪ್ಪತ್ತು ಸಲ ಮಾಡಿ. ನಾಲ್ಕು ಗಂಟೆ ಮೀರಿದ ವಿಮಾನವಾದರೆ, ಅಮೆರಿಕದಂಥ ದೂರದಿಂದ ಬರುವವರು, ಮೊಣಕಾಲಿನವರೆಗಿನ ಬಿಗಿ ಕಾಲ್ಚೀಲವನ್ನು ಡಾಕ್ಟರು ಹೇಳಿದ ಅಳತೆಯಲ್ಲಿ ಹಾಕಿಕೊಳ್ಳಬೇಕು.

ಭದ್ರತಾ ತಪಾಸಣೆಯ ಬಾಗಿಲಚೌಕಟ್ಟು ಲೋಹ ಹುಡುಕುವ ಯಂತ್ರ, ಎಕ್ಸ್‌ರೇ ಅಲ್ಲ. ಮಗುವಿಗೆ ಅದರಿಂದ ಏನೂ ಆಗುವುದಿಲ್ಲ. ಆದರೂ ಮನಸ್ಸಿಗೆ ಅಳುಕಿದ್ದರೆ ಮಹಿಳಾ ಸಿಬ್ಬಂದಿ ಕೈಯಿಂದ ತಪಾಸಣೆ ಮಾಡಲಿ ಎಂದು ಕೇಳಬಹುದು.

ಹೊರಡುವ ಮೊದಲು ರಕ್ತ ಕಂಡರೆ, ನೀರು ಹೋದಂತೆ ಅನಿಸಿದರೆ, ಹೊಟ್ಟೆ ಬಿಟ್ಟು ಬಿಟ್ಟು ಕಲ್ಲಿನಂತೆ ಬಿಗಿಯುತ್ತಿದ್ದರೆ, ತಲೆ ಸಿಡಿದು ಕಣ್ಣು ಮಂಜಾಗುತ್ತಿದ್ದರೆ, ಮಗುವಿನ ಮಿಸುಕಾಟ ಎಂದಿನಷ್ಟಿಲ್ಲದಿದ್ದರೆ ಟಿಕೆಟ್ಟಿನ ಮುಖ ನೋಡದೆ ಆಸ್ಪತ್ರೆಗೆ ಹೋಗಿ.

ಹುಬ್ಬಳ್ಳಿಯಲ್ಲಿ ಇಳಿದ ಮೇಲೆ

ಗೋಕುಲ ರಸ್ತೆಯ ವಿಮಾನ ನಿಲ್ದಾಣದಿಂದ ಗದಗಿಗೆ ಸುಮಾರು 60 ಕಿಲೋಮೀಟರ್, ಹಾವೇರಿಗೆ 75ರ ಆಸುಪಾಸು. ಇಳಿದ ಕೂಡಲೇ ಕಾರು ಹತ್ತಬೇಡಿ. ಶೌಚಾಲಯಕ್ಕೆ ಹೋಗಿ, ಹತ್ತು ನಿಮಿಷ ನಡೆದು, ನೀರು ಕುಡಿದು ಹೊರಡಿ. ಕಾರಿನಲ್ಲೂ ಬೆಲ್ಟ್ ಬೇಕು: ಕೆಳಪಟ್ಟಿ ಹೊಟ್ಟೆಯ ಕೆಳಗೆ, ಮೇಲಿನ ಪಟ್ಟಿ ಎರಡು ಎದೆಯ ನಡುವೆ ಹಾಯ್ದು ಹೊಟ್ಟೆಯ ಪಕ್ಕಕ್ಕೆ. ಹಿಂದಿನ ಸೀಟಿನಲ್ಲಿ ಮಲಗಿಸಿ ಕರೆತರುವ ಅಭ್ಯಾಸ ಬೇಡ, ಬ್ರೇಕ್ ಹಾಕಿದಾಗ ಹಿಡಿದುಕೊಳ್ಳಲು ಏನೂ ಇರುವುದಿಲ್ಲ.

ಎರಡೂ ಪಾದ ಸ್ವಲ್ಪ ಬಾತಿದ್ದರೆ ಕಾಲು ಮೇಲಿಟ್ಟು ಮಲಗಿದಾಗ ಇಳಿಯುತ್ತದೆ. ಒಂದೇ ಕಾಲು ಬಾತು, ಮೀನಖಂಡ ನೋಯುತ್ತಿದ್ದು, ಮುಟ್ಟಿದರೆ ಬಿಸಿ ಎನಿಸಿದರೆ ಅದು ಗೆಡ್ಡೆ ಕಟ್ಟಿದ ಲಕ್ಷಣ. ಎಣ್ಣೆ ಹಚ್ಚಿ ತಿಕ್ಕಬಾರದು, ಗೆಡ್ಡೆ ಕಳಚಿ ಶ್ವಾಸಕೋಶಕ್ಕೆ ಹೋಗಬಹುದು. ಅದೇ ದಿನ ಆಸ್ಪತ್ರೆಗೆ ತೋರಿಸಿ. ಉಸಿರು ಕಟ್ಟಿದಂತಾದರೆ, ಎದೆ ಚುಚ್ಚಿದರೆ 108ಕ್ಕೆ ಫೋನ್ ಮಾಡಿ. ಇದು ಇಳಿದ ದಿನವೇ ಬರಬೇಕೆಂದಿಲ್ಲ, ಮುಂದಿನ ಕೆಲವು ವಾರ ಕಾಲಿನ ಮೇಲೆ ಕಣ್ಣಿರಲಿ.

ಬಂದ ವಾರದಲ್ಲೇ, ಕುಬಸದ ಗದ್ದಲಕ್ಕೆ ಮೊದಲು, ಹೆರಿಗೆ ಮಾಡಿಸುವ ಆಸ್ಪತ್ರೆಗೆ ಹೋಗಿ ದಿಲ್ಲಿಯ ಫೈಲು ತೋರಿಸಿ ಹೆಸರು ಬರೆಸಿ. ಬಿಪಿ, ತೂಕ, ಹಿಮೋಗ್ಲೋಬಿನ್ ಅಂದೇ ನೋಡಿಸಿ ಮೊದಲ ಸಾಲಾಗಿ ಬರೆಸಿಕೊಳ್ಳಿ. ನೆಗೆಟಿವ್ ರಕ್ತದ ಗುಂಪಿನವರು 28 ವಾರದ ಆಸುಪಾಸಿನಲ್ಲಿ ಕೊಡುವ ಆಂಟಿ-ಡಿ ಚುಚ್ಚುಮದ್ದು ದಿಲ್ಲಿಯಲ್ಲಿ ಆಗಿದೆಯೋ ಇಲ್ಲವೋ ಎಂದು ಇಲ್ಲಿಯ ಡಾಕ್ಟರಿಗೆ ಹೇಳಬೇಕು. ಊರು ಬದಲಾಗುವ ಆ ವಾರಗಳಲ್ಲೇ ಅದು ಎರಡೂ ಕಡೆ ತಪ್ಪಿಹೋಗುವುದು.